ಸ್ಕೂಟರ್ ಜಾರಿ ಬಿದ್ದಿದೆ, ಕ್ಲೇಮ್ ಮಾಡಬೇಕೇ ಬೇಡವೇ?

ಕೊಡಗಿನಲ್ಲಿ ಮಳೆಗಾಲ ಹಿಡಿದರೆ ಸ್ಕೂಟರ್ ಬೀಳುವುದಕ್ಕೆ ಎದುರಿನಿಂದ ಇನ್ನೊಂದು ಗಾಡಿ ಬರಲೇಬೇಕೆಂದಿಲ್ಲ. ತೋಟದ ನೆರಳಿನ ತಿರುವಿನಲ್ಲಿ ಪಾಚಿ ಕಟ್ಟಿರುತ್ತದೆ. ಟ್ರ್ಯಾಕ್ಟರ್ ಚಕ್ರಕ್ಕೆ ಮೆತ್ತಿಕೊಂಡು ಬಂದ ಕೆಂಪು ಮಣ್ಣು ಡಾಂಬರಿನ ಮೇಲೆ ಹರಡಿರುತ್ತದೆ. ಎಷ್ಟು ನಿಧಾನ ಹೋದರೂ ಮುಂದಿನ ಬ್ರೇಕನ್ನು ಒಂದಿಷ್ಟು ಗಟ್ಟಿಯಾಗಿ ಹಿಡಿದರೆ ಗಾಡಿ ಅಡ್ಡ ಮಲಗುತ್ತದೆ. ಮೊಣಕೈ ತರಚಿ, ಎಡಭಾಗದ ಪ್ಯಾನೆಲ್ ಒಡೆದು, ಹ್ಯಾಂಡಲ್ ಒಂದಿಷ್ಟು ಸೊಟ್ಟಗಾಗುವಷ್ಟರ ಇಂಥ ಬೀಳುವಿಕೆಯ ಬಗ್ಗೆಯೇ ಈ ಲೇಖನ. ದೊಡ್ಡ ಅಪಘಾತವಾದಾಗ ಪೊಲೀಸರು, ಆಸ್ಪತ್ರೆ, ವಕೀಲರು ಯಾರಾದರೂ ದಾರಿ ತೋರಿಸುತ್ತಾರೆ. ನಾಲ್ಕೈದು ಸಾವಿರದ ರಿಪೇರಿಯಲ್ಲಿ ಮಾತ್ರ ನಮ್ಮ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಾಪೋಕ್ಲಿನ ಒಬ್ಬ ಶಿಕ್ಷಕಿ, 110 ಸಿಸಿ ಸ್ಕೂಟರ್, ಕೊಂಡು ಎರಡು ವರ್ಷ ನಾಲ್ಕು ತಿಂಗಳು. ಜುಲೈ ತಿಂಗಳ ಒಂದು ಬೆಳಿಗ್ಗೆ ಮೂರ್ನಾಡು ದಾಟಿ ಮಡಿಕೇರಿ ಕಡೆ ಹೋಗುವಾಗ ತಿರುವಿನಲ್ಲಿ ಜಾರಿ ಎಡಕ್ಕೆ ಬಿದ್ದರು. ಬೇರೆ ಯಾರಿಗೂ ಪೆಟ್ಟಾಗಿಲ್ಲ, ಬೇರೆ ಗಾಡಿಗೂ ತಾಗಿಲ್ಲ. ಶೋರೂಮಿನವರು "ಐದು ವರ್ಷದ ಇನ್ಶೂರೆನ್ಸ್ ಇದೆ ಮೇಡಂ" ಎಂದು ಹೇಳಿದ್ದು ಅವರಿಗೆ ಚೆನ್ನಾಗಿ ನೆನಪಿದೆ. ಹಾಗಾದರೆ ರಿಪೇರಿ ಖರ್ಚು ಸಿಗುತ್ತದೆಯೇ?

ಆ ಐದು ವರ್ಷ ಯಾವುದಕ್ಕೆ?

ಹೆಚ್ಚಿನವರು ಎಡವುವುದು ಇಲ್ಲೇ. 2018ರ ಸೆಪ್ಟೆಂಬರ್‌ನಿಂದ, ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕು. ಹಾಗಾಗಿ ಶೋರೂಮಿನಲ್ಲಿ ಸಾಮಾನ್ಯವಾಗಿ ಕೊಡುವುದು ಜೋಡಿ ಪಾಲಿಸಿ: ಐದು ವರ್ಷ ಥರ್ಡ್ ಪಾರ್ಟಿ, ಒಂದೇ ವರ್ಷ ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆದ ಹಾನಿಯ ವಿಮೆ. ಪಾಲಿಸಿ ಕಾಗದದಲ್ಲಿ ಎರಡು ಬೇರೆ ಬೇರೆ ಮುಕ್ತಾಯ ದಿನಾಂಕ ಇರುತ್ತವೆ. ಟ್ರಾಫಿಕ್ ಪೊಲೀಸರು ನೋಡುವುದು ಥರ್ಡ್ ಪಾರ್ಟಿ ದಿನಾಂಕ. ಅದು ಚಾಲ್ತಿಯಲ್ಲಿದ್ದರೆ ದಂಡವಿಲ್ಲ, ದಂಡವಿಲ್ಲದ ಮೇಲೆ ಇನ್ನೊಂದು ದಿನಾಂಕದ ನೆನಪೂ ಇರುವುದಿಲ್ಲ. ಎರಡನೇ ವರ್ಷ ಓನ್ ಡ್ಯಾಮೇಜ್ ನವೀಕರಣದ ಮೆಸೇಜ್ ಬಂದಾಗ "ನಮ್ಮದು ಐದು ವರ್ಷಕ್ಕೆ ಇದೆಯಲ್ಲ" ಎಂದು ಅಳಿಸಿಬಿಡುತ್ತೇವೆ.

ಥರ್ಡ್ ಪಾರ್ಟಿ ವಿಮೆ ಎಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ದಾರಿಯಲ್ಲಿ ನಡೆದು ಹೋಗುವವರಿಗೆ ಪೆಟ್ಟಾದರೆ ಅಥವಾ ಪ್ರಾಣ ಹೋದರೆ ನ್ಯಾಯಮಂಡಳಿ ನಿಗದಿ ಮಾಡಿದ ಪರಿಹಾರವನ್ನು ವಿಮಾ ಕಂಪನಿ ಕೊಡುತ್ತದೆ. ಬೇರೆಯವರ ಆಸ್ತಿಗೆ ಆದ ನಷ್ಟಕ್ಕೆ ದ್ವಿಚಕ್ರ ವಾಹನದಲ್ಲಿ ಸಾಮಾನ್ಯವಾಗಿ 1 ಲಕ್ಷ ರೂಪಾಯಿಯ ಮಿತಿ ಇರುತ್ತದೆ. ಇದು ಕಾನೂನಿನ ಕಡ್ಡಾಯ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಇದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರಲ್ಲಿ ಹೊರಡಿಸಿದ ಪಟ್ಟಿಯ ಪ್ರಕಾರ 75ರಿಂದ 150 ಸಿಸಿವರೆಗಿನ ಗಾಡಿಗೆ ವರ್ಷಕ್ಕೆ 714 ರೂಪಾಯಿ, ಹೊಸ ಗಾಡಿಗೆ ಐದು ವರ್ಷಕ್ಕೆ ಒಟ್ಟಿಗೆ 3,851 ರೂಪಾಯಿ, ಮೇಲೆ ತೆರಿಗೆ. ಯಾವ ಕಂಪನಿಗೆ ಹೋದರೂ ಇದರಲ್ಲಿ ಹೆಚ್ಚು ಕಡಿಮೆ ಇಲ್ಲ.

ಜನ "ಫಸ್ಟ್ ಪಾರ್ಟಿ" ಅಥವಾ "ಫುಲ್ ಇನ್ಶೂರೆನ್ಸ್" ಎಂದು ಕರೆಯುವುದು ಥರ್ಡ್ ಪಾರ್ಟಿ ಮತ್ತು ಓನ್ ಡ್ಯಾಮೇಜ್ ಎರಡೂ ಸೇರಿದ ಕಾಂಪ್ರಹೆನ್ಸಿವ್ ಪಾಲಿಸಿಯನ್ನು. ನಮ್ಮ ಗಾಡಿ ಜಾರಿ ಬಿದ್ದದ್ದು, ಕಳವಾದದ್ದು, ಬೆಂಕಿ, ಪ್ರವಾಹ, ಭೂಕುಸಿತದಿಂದ ಹಾಳಾದದ್ದು ಎಲ್ಲವೂ ಓನ್ ಡ್ಯಾಮೇಜ್ ಭಾಗಕ್ಕೆ ಸೇರುತ್ತವೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದದ್ದನ್ನು ಕಂಡ ಜಿಲ್ಲೆಯಲ್ಲಿ ಭೂಕುಸಿತ ಎಂಬ ಪದವನ್ನು ಪಾಲಿಸಿಯ ಸಣ್ಣಕ್ಷರದ ಪಟ್ಟಿಯಲ್ಲಿ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು.

ಇನ್ನೊಂದು ವಿಷಯವನ್ನು ಏಜೆಂಟರು ಅಷ್ಟಾಗಿ ಹೇಳುವುದಿಲ್ಲ. ಹಿಂದೆ ಕುಳಿತವರು ಯಾರ ಲೆಕ್ಕಕ್ಕೆ? ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ದ್ವಿಚಕ್ರ ವಾಹನದ ಹಿಂಬದಿ ಸವಾರರು ತಾನಾಗಿ ಒಳಗೊಳ್ಳುವುದಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಅವರಿಗೂ ರಕ್ಷಣೆ ಇದೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಸ್ಪಷ್ಟಪಡಿಸಿದೆ. ಮಗನನ್ನೋ ತಾಯಿಯನ್ನೋ ಹಿಂದೆ ಕೂರಿಸಿಕೊಂಡು ದಿನಾ ಓಡಾಡುವವರಿಗೆ, ನನ್ನ ಪ್ರಕಾರ, ಪ್ಯಾನೆಲ್ ರಿಪೇರಿಗಿಂತ ಇದೇ ದೊಡ್ಡ ಕಾರಣ.

ಗಾಡಿ ಓಡಿಸುವ ಮಾಲೀಕರಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಇರುತ್ತದೆ. ಆದರೆ ಅದು ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ. ತರಚಿದ ಮೊಣಕೈಯ ಡ್ರೆಸ್ಸಿಂಗ್ ಬಿಲ್ಲು ಅದರಲ್ಲಿ ಬರುವುದಿಲ್ಲ.

ನಮ್ಮ ಶಿಕ್ಷಕಿ ಎರಡನೇ ವರ್ಷವೂ ಮೂರನೇ ವರ್ಷವೂ ಓನ್ ಡ್ಯಾಮೇಜ್ ನವೀಕರಿಸಿದ್ದರು ಎಂದುಕೊಳ್ಳೋಣ. ಇಲ್ಲದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು: ಪಾಲಿಸಿ ಕೈಯಲ್ಲೇ ಇದ್ದರೂ ಒಂದು ಪೈಸೆಯೂ ಸಿಗುತ್ತಿರಲಿಲ್ಲ. ಬಿದ್ದ ಮೇಲೆ ಓಡಿಹೋಗಿ ನವೀಕರಿಸಿದರೂ ಪ್ರಯೋಜನವಿಲ್ಲ. ಅವಧಿ ಮುಗಿದ ಓನ್ ಡ್ಯಾಮೇಜ್ ಅನ್ನು ಮತ್ತೆ ಶುರು ಮಾಡುವ ಮುಂಚೆ ಕಂಪನಿ ಗಾಡಿಯ ಫೋಟೋ ಅಥವಾ ವಿಡಿಯೋ ಕೇಳುತ್ತದೆ, ಆಗಲೇ ಒಡೆದಿರುವುದು ಅದರಲ್ಲಿ ಕಾಣುತ್ತದೆ.

ಬಿಲ್ಲಿನ ಎಷ್ಟು ಭಾಗ ಸಿಗುತ್ತದೆ

ಸರ್ವಿಸ್ ಸೆಂಟರಿನವರು ಎಸ್ಟಿಮೇಟ್ ಬರೆದುಕೊಟ್ಟರು. ಮುಂದಿನ ಮಡ್‌ಗಾರ್ಡ್, ಎಡ ಸೈಡ್ ಪ್ಯಾನೆಲ್, ಮುಂಭಾಗದ ಪ್ಯಾನೆಲ್, ಮೂರೂ ಪ್ಲಾಸ್ಟಿಕ್, ಒಟ್ಟು 3,800 ರೂಪಾಯಿ. ಹ್ಯಾಂಡಲ್ ಬಾರ್ ಮತ್ತು ಬ್ರೇಕ್ ಲಿವರ್, ಲೋಹದವು, 1,000 ರೂಪಾಯಿ. ಕೂಲಿ 1,000 ರೂಪಾಯಿ. ಒಟ್ಟು 5,800. ಲೆಕ್ಕ ಸುಲಭವಾಗಲೆಂದು ತೆರಿಗೆ ಸೇರಿಸಿಯೇ ದುಂಡಾಗಿ ಹಾಕಿದ್ದೇನೆ.

ಕಂಪನಿ ಇದನ್ನು ಪೂರ್ತಿ ಕೊಡುವುದಿಲ್ಲ, ಸವಕಳಿ ಎಂದು ಕಳೆಯುತ್ತದೆ. ಹಳೆಯದರ ಬದಲು ಹೊಸ ಭಾಗ ಹಾಕಿಸಿಕೊಳ್ಳುತ್ತಿದ್ದೀರಿ, ಆ ಲಾಭದ ಪಾಲು ನಿಮ್ಮದು ಎಂಬುದು ಅದರ ವಾದ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಗಾಡಿ ಎಷ್ಟೇ ಹೊಸದಿದ್ದರೂ ನೇರವಾಗಿ ಶೇ. 50 ಕಡಿತ. ಲೋಹದ ಭಾಗಕ್ಕೆ ಗಾಡಿಯ ವಯಸ್ಸು ನೋಡುತ್ತಾರೆ: ಮೊದಲ ಆರು ತಿಂಗಳು ಏನೂ ಇಲ್ಲ, ಆಮೇಲೆ ಮೆಲ್ಲಗೆ ಏರುತ್ತಾ ಎರಡರಿಂದ ಮೂರು ವರ್ಷದ ಗಾಡಿಗೆ ಶೇ. 15. ಗಾಜಿಗೆ ಸವಕಳಿ ಇಲ್ಲ, ಕೂಲಿಗೂ ಇಲ್ಲ. ಕೊನೆಗೆ ದ್ವಿಚಕ್ರ ವಾಹನಕ್ಕೆ ಕಡ್ಡಾಯ ಕಡಿತ 100 ರೂಪಾಯಿ. ಪ್ರೀಮಿಯಂ ಕಡಿಮೆಯಾಗಲೆಂದು ನೀವೇ ಹೆಚ್ಚುವರಿ ಕಡಿತಕ್ಕೆ ಒಪ್ಪಿದ್ದರೆ ಅದು ಬೇರೆ.

ಹಾಗಾಗಿ ಪ್ಲಾಸ್ಟಿಕ್‌ನಲ್ಲಿ 1,900, ಲೋಹದಲ್ಲಿ 150, ಕಡ್ಡಾಯ ಕಡಿತ 100, ಒಟ್ಟು 2,150 ರೂಪಾಯಿ ಅವರ ಕೈಯಿಂದ. ಕಂಪನಿಯಿಂದ 3,650. ಸ್ಕೂಟರ್ ಎಂದರೆ ಹೊರಮೈಯೆಲ್ಲ ಪ್ಲಾಸ್ಟಿಕ್, ಆದ್ದರಿಂದ ಸಣ್ಣ ಬೀಳುವಿಕೆಯಲ್ಲಿ ಒಡೆಯುವುದರ ಬಹುಪಾಲು ಅರ್ಧ ದುಡ್ಡಿನ ಸಾಲಿಗೇ ಬೀಳುತ್ತದೆ. "ಜೀರೋ ಡೆಪ್" ಅಥವಾ "ಬಂಪರ್ ಟು ಬಂಪರ್" ಎನ್ನುವ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿದ್ದರೆ ಈ ಸವಕಳಿ ಕಡಿತ ಇರುವುದಿಲ್ಲ, 100 ರೂಪಾಯಿಯ ಕಡಿತ ಮಾತ್ರ ಉಳಿಯುತ್ತದೆ. ಹೊಸ ಸ್ಕೂಟರಿಗೆ ಮೊದಲೆರಡು ವರ್ಷ ಅದನ್ನು ಹಾಕಿಸಿಕೊಳ್ಳುವುದು ಸರಿ ಎಂದೇ ನನಗನ್ನಿಸುತ್ತದೆ. ಹಳೆಯ ಗಾಡಿಗೆ ಅದರ ಬೆಲೆ ಕೇಳಿ ನೋಡಿ ನಿರ್ಧರಿಸಿ.

ಎನ್‌ಸಿಬಿ ಹೋಗುತ್ತದಲ್ಲ?

ಕ್ಲೇಮ್ ಮಾಡಬೇಡಿ, ನೋ ಕ್ಲೇಮ್ ಬೋನಸ್ ಹೋಗುತ್ತದೆ ಎಂದು ಹೆದರಿಸುವವರು ಎಲ್ಲ ಕಡೆ ಇರುತ್ತಾರೆ. ಹೋಗುವುದು ನಿಜ. ಎಷ್ಟು ಹೋಗುತ್ತದೆ ಎಂದು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ.

ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಮುಂದಿನ ನವೀಕರಣದಲ್ಲಿ ಶೇ. 20 ರಿಯಾಯಿತಿ, ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಂದ ಮೇಲೆ ಏರುವುದಿಲ್ಲ. ಒಂದು ಓನ್ ಡ್ಯಾಮೇಜ್ ಕ್ಲೇಮ್ ಆದರೆ ಮತ್ತೆ ಸೊನ್ನೆಯಿಂದ ಶುರು. ಗಮನಿಸಬೇಕಾದದ್ದು, ಈ ರಿಯಾಯಿತಿ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ. ಥರ್ಡ್ ಪಾರ್ಟಿ ಮೊತ್ತಕ್ಕೆ ತಾಗುವುದಿಲ್ಲ.

ಸ್ಕೂಟರಿನ ಓನ್ ಡ್ಯಾಮೇಜ್ ಪ್ರೀಮಿಯಂ ಎಷ್ಟಿರುತ್ತದೆ? ಅದು ಗಾಡಿಯ ಐಡಿವಿ, ಅಂದರೆ ವಿಮೆಯ ಲೆಕ್ಕಕ್ಕೆ ಒಪ್ಪಿಕೊಂಡ ಗಾಡಿಯ ಬೆಲೆಯ ಮೇಲೆ ನಿಂತಿದೆ. ನಮ್ಮ ಉದಾಹರಣೆಯ ಗಾಡಿಯ ಐಡಿವಿ 56,000 ರೂಪಾಯಿ, ಬೋನಸ್ ಕಳೆಯುವ ಮುಂಚೆ ಓನ್ ಡ್ಯಾಮೇಜ್ ಪ್ರೀಮಿಯಂ 900 ರೂಪಾಯಿ ಎಂದಿಟ್ಟುಕೊಳ್ಳಿ. ಶಿಕ್ಷಕಿ ಈಗ ಶೇ. 25ರಲ್ಲಿದ್ದಾರೆ. ಕ್ಲೇಮ್ ಮಾಡದಿದ್ದರೆ ಮುಂದಿನ ಐದು ವರ್ಷ 35, 45, 50, 50, 50. ಮಾಡಿ ಆಮೇಲೆ ಬೀಳದೆ ಉಳಿದರೆ 0, 20, 25, 35, 45. ವರ್ಷ ವರ್ಷದ ವ್ಯತ್ಯಾಸ 35, 25, 25, 15, 5. ಕೂಡಿದರೆ 105, ಅಂದರೆ 900ರ ಶೇ. 105, ಒಟ್ಟು 945 ರೂಪಾಯಿ. ಶೇ. 18 ತೆರಿಗೆ ಸೇರಿಸಿದರೆ ಸುಮಾರು 1,115. ಅದೂ ಐದು ವರ್ಷಕ್ಕೆ ಹಂಚಿ. ಗಾಡಿ ಹಳೆಯದಾದಂತೆ ಐಡಿವಿಯೂ ಪ್ರೀಮಿಯಂ ಕೂಡ ಇಳಿಯುವುದರಿಂದ ನಿಜವಾದ ನಷ್ಟ ಇದಕ್ಕಿಂತ ಕಡಿಮೆಯೇ.

ಸಿಗುವುದು 3,650, ಹೋಗುವುದು ಹೆಚ್ಚೆಂದರೆ 1,115. ಇಲ್ಲಿ ಕ್ಲೇಮ್ ಮಾಡುವುದೇ ಸರಿ.

ಒಂದು ವೇಳೆ ಮಡ್‌ಗಾರ್ಡ್ ಮಾತ್ರ ಒಡೆದಿದ್ದರೆ? ಭಾಗಕ್ಕೆ 1,150, ಕೂಲಿ 200. ಅರ್ಧ ಕಳೆದು, 100 ಕಳೆದು ಸಿಗುವುದು 675. ಆ ದುಡ್ಡಿಗಾಗಿ ಬೋನಸ್ ಬಿಡುವುದು ನಷ್ಟ, ಕೈಯಿಂದ ಕೊಟ್ಟು ಮುಗಿಸುವುದು ಮೇಲು. ಕಾರಿನವರ ಲೆಕ್ಕ ಬೇರೆ. ಅವರ ಓನ್ ಡ್ಯಾಮೇಜ್ ಪ್ರೀಮಿಯಂ ಹಲವು ಸಾವಿರ, ಶೇ. 50 ಬೋನಸ್ ಹೋದರೆ ನಿಜವಾಗಿ ನೋವಾಗುತ್ತದೆ. ಅವರ ಬುದ್ಧಿಮಾತನ್ನು ಸ್ಕೂಟರಿಗೆ ಹಾಗೇ ಅನ್ವಯಿಸಿದರೆ ಕೈಗೆ ಬರುವ ದುಡ್ಡು ಬಿಟ್ಟಂತೆ.

ಬೋನಸ್ ಕೈತಪ್ಪುವ ಇನ್ನೊಂದು ದಾರಿ ಕ್ಲೇಮ್‌ಗಿಂತ ಹೆಚ್ಚು ಸಾಮಾನ್ಯ: ಮರೆವು. ಓನ್ ಡ್ಯಾಮೇಜ್ ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಕೂಡಿಟ್ಟ ಬೋನಸ್ ಅಷ್ಟೂ ಹೋಗುತ್ತದೆ. ಕಂಪನಿ ಬದಲಿಸಿದರೆ ಹೋಗುವುದಿಲ್ಲ. ಗಾಡಿ ಮಾರಿದರೂ ಹೋಗುವುದಿಲ್ಲ, ಏಕೆಂದರೆ ಬೋನಸ್ ಗಾಡಿಯದಲ್ಲ, ಮಾಲೀಕರದು. ಹಳೆಯ ಕಂಪನಿಯಿಂದ ಪತ್ರ ತೆಗೆದುಕೊಂಡರೆ ಹೊಸ ಗಾಡಿಗೆ ವರ್ಗಾಯಿಸಬಹುದು. ಹಾಗೆಯೇ, ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಹಿಂದಿನ ಮಾಲೀಕರ ಬೋನಸ್ ಬರುವುದಿಲ್ಲ. ಆನ್‌ಲೈನ್ ನವೀಕರಣದಲ್ಲಿ "ಕಳೆದ ವರ್ಷ ಕ್ಲೇಮ್ ಮಾಡಿದ್ದೀರಾ" ಎಂಬ ಪ್ರಶ್ನೆಗೆ ಇಲ್ಲ ಎಂದು ಒತ್ತಿ ನೂರಿನ್ನೂರು ಉಳಿಸುವವರಿದ್ದಾರೆ. ಮುಂದೆ ಕ್ಲೇಮ್ ಬಂದಾಗ ಕಂಪನಿ ಹಳೆಯ ದಾಖಲೆ ತೆಗೆದು ನೋಡುತ್ತದೆ. ಆಗ ಸಿಗಬೇಕಾದದ್ದಕ್ಕೂ ಕತ್ತರಿ ಬೀಳುತ್ತದೆ.

ಬಿದ್ದ ಜಾಗದಿಂದ ಬಿಲ್ಲು ಪಾಸಾಗುವವರೆಗೆ

ಮೊದಲು ಗಾಡಿಯನ್ನಲ್ಲ, ನಿಮ್ಮನ್ನು ರಸ್ತೆಯಿಂದ ಪಕ್ಕಕ್ಕೆ ತನ್ನಿ. ತಿರುವಿನಲ್ಲಿ ಹಿಂದಿನಿಂದ ಬರುವ ಬಸ್ಸಿಗೆ ನೀವು ಕಾಣುವುದಿಲ್ಲ. ಆಮೇಲೆ ಮೊಬೈಲ್ ತೆಗೆದು ಫೋಟೋ: ನಂಬರ್ ಪ್ಲೇಟ್ ಸಹಿತ ಇಡೀ ಗಾಡಿ, ಒಡೆದ ಒಂದೊಂದು ಭಾಗ ಹತ್ತಿರದಿಂದ, ಮತ್ತು ಜಾರಿದ ರಸ್ತೆಯದೇ ಒಂದು. ಕೊನೆಯದನ್ನು ಹೆಚ್ಚಿನವರು ತೆಗೆಯುವುದಿಲ್ಲ. ಪಾಚಿಯ ಮೇಲೆ ಚಕ್ರ ಎಳೆದ ಗುರುತು ಒಂದು ಗಂಟೆಯ ಮಳೆಗೆ ತೊಳೆದುಹೋಗುತ್ತದೆ.

ಬೇರೆಯವರಿಗೆ ಪೆಟ್ಟಾಗಿದ್ದರೆ ಇದು ಸಣ್ಣ ಪ್ರಕರಣವಲ್ಲ. ಅವರನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೆ ತಿಳಿಸುವುದು ಕಾನೂನಿನ ಕರ್ತವ್ಯ. ಸ್ಥಳದಲ್ಲೇ ದುಡ್ಡು ಕೊಟ್ಟು ರಾಜಿ ಮಾಡಿಕೊಂಡು ಆಮೇಲೆ ಕಂಪನಿಗೆ ಹೇಳುವುದು ಬೇಡ, ಕಂಪನಿಯ ಒಪ್ಪಿಗೆಯಿಲ್ಲದೆ ತಪ್ಪು ಒಪ್ಪಿಕೊಳ್ಳಬಾರದು ಎಂಬ ಷರತ್ತು ಪಾಲಿಸಿಯಲ್ಲೇ ಇರುತ್ತದೆ. ತಾನೊಬ್ಬರೇ ಬಿದ್ದು ಗಾಡಿ ಮಾತ್ರ ಹಾಳಾಗಿದ್ದರೆ ಸಾಮಾನ್ಯವಾಗಿ ಎಫ್‌ಐಆರ್ ಕೇಳುವುದಿಲ್ಲ.

ಎರಡನೆಯದು, ರಿಪೇರಿಗೆ ಕೈ ಹಾಕುವ ಮುಂಚೆ ಕಂಪನಿಗೆ ತಿಳಿಸುವುದು. ಪಾಲಿಸಿ ಮೇಲಿರುವ ನಂಬರಿಗೆ ಕರೆ ಮಾಡಿ ಅಥವಾ ಆ್ಯಪ್‌ನಲ್ಲಿ ದಾಖಲಿಸಿ ಕ್ಲೇಮ್ ನಂಬರ್ ತೆಗೆದುಕೊಳ್ಳಬೇಕು. ಗಾಳಿಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುವ ಊರುಗಳಲ್ಲಿ ಆ ಕ್ಷಣವೇ ಆಗಲಿಕ್ಕಿಲ್ಲ. ಸಿಗ್ನಲ್ ಸಿಕ್ಕಲ್ಲಿಂದ ಅದೇ ದಿನವೋ ಮರುದಿನವೋ ಹೇಳಿ, ತಡವಾದರೆ ಕಾರಣವನ್ನೂ ಬರೆಯಿರಿ. ಪರಿಚಯದ ಮೆಕ್ಯಾನಿಕ್ ಸಂಜೆಯೊಳಗೆ ಪ್ಯಾನೆಲ್ ಬದಲಿಸಿಕೊಟ್ಟ ಮೇಲೆ ಬಿಲ್ಲು ಹಿಡಿದು ಕಂಪನಿಗೆ ಹೋದರೆ, ಒಡೆದದ್ದನ್ನು ನೋಡಿದವರೇ ಇಲ್ಲ. ಸಣ್ಣ ಕ್ಲೇಮ್‌ಗಳು ಬಿದ್ದುಹೋಗುವುದಕ್ಕೆ ಇದಕ್ಕಿಂತ ಸುಲಭದ ಕಾರಣ ಬೇರೆ ಬೇಕಿಲ್ಲ.

ಆಮೇಲೆ ಗ್ಯಾರೇಜ್. ಕಂಪನಿಯ ಒಪ್ಪಂದ ಇರುವ ಗ್ಯಾರೇಜಿನಲ್ಲಿ ಕ್ಯಾಶ್‌ಲೆಸ್: ನಿಮ್ಮ ಪಾಲಿನ 2,150 ಕೊಟ್ಟು ಗಾಡಿ ತರಬಹುದು. ಅಂಥ ಗ್ಯಾರೇಜ್ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಇದೆಯೇ ಎಂದು ಕರೆ ಮಾಡಿದಾಗಲೇ ಕೇಳಿ. ಹತ್ತಿರ ಇಲ್ಲದಿದ್ದರೆ ಬೇರೆ ಗ್ಯಾರೇಜಿನಲ್ಲಿ ಪೂರ್ತಿ ಕೊಟ್ಟು, ಬಿಲ್ಲು ಮತ್ತು ರಸೀದಿ ಸಲ್ಲಿಸಿ ವಾಪಸ್ ಪಡೆಯಬೇಕು. ಎರಡರಲ್ಲೂ ಕೇಳುವ ಕಾಗದ ಹೆಚ್ಚು ಕಡಿಮೆ ಒಂದೇ: ಕ್ಲೇಮ್ ಫಾರಂ, ಆರ್‌ಸಿ, ಪಾಲಿಸಿ, ಗಾಡಿ ಓಡಿಸುತ್ತಿದ್ದವರ ಡಿಎಲ್, ಗ್ಯಾರೇಜಿನ ಎಸ್ಟಿಮೇಟ್, ಬ್ಯಾಂಕ್ ವಿವರ.

ಡಿಎಲ್ ವಿಷಯದಲ್ಲಿ ಕ್ಲೇಮ್ ನಿಲ್ಲುವುದು ಹೆಚ್ಚು. ಬಿದ್ದಾಗ ಓಡಿಸುತ್ತಿದ್ದವರಿಗೆ ಆ ಬಗೆಯ ಗಾಡಿಯ ಲೈಸೆನ್ಸ್ ಇರಬೇಕು. ಗೇರ್ ಇಲ್ಲದ ಗಾಡಿಯ ಲೈಸೆನ್ಸಿನಲ್ಲಿ ಗೇರ್ ಬೈಕ್ ಓಡಿಸಿದ್ದರೆ ತಕರಾರು ಬರುತ್ತದೆ. ಮಗ ಲೈಸೆನ್ಸ್ ಇಲ್ಲದೆ ಬೀಳಿಸಿ, ಅಪ್ಪ ತಾನೇ ಓಡಿಸುತ್ತಿದ್ದೆ ಎಂದು ಫಾರಂ ತುಂಬಿದರೆ ಅದು ಸುಳ್ಳು ಹೇಳಿಕೆ, ಹೊರಬಿದ್ದರೆ ಕ್ಲೇಮ್ ಪೂರ್ತಿ ಹೋಗುತ್ತದೆ.

50,000 ರೂಪಾಯಿಗಿಂತ ಕಡಿಮೆ ನಷ್ಟಕ್ಕೆ ಲೈಸೆನ್ಸ್ ಇರುವ ಸರ್ವೆಯರ್, ಅಂದರೆ ಹಾನಿ ನೋಡಿ ನಷ್ಟದ ಲೆಕ್ಕ ಹಾಕುವವರು, ಬರಲೇಬೇಕೆಂಬ ನಿಯಮವಿಲ್ಲ. ಹಾಗಾಗಿ ಸಣ್ಣ ಪ್ರಕರಣದಲ್ಲಿ ಕಂಪನಿಯವರೇ ಫೋಟೋ ಅಥವಾ ವಿಡಿಯೋ ಕಾಲ್‌ನಲ್ಲಿ ನೋಡಿ ಮುಗಿಸುವುದುಂಟು. ಯಾರೇ ನೋಡಲಿ, ಅವರ ಕಣ್ಣು ಗೀರುಗಳ ಮೇಲಿರುತ್ತದೆ. ಹೊಸ ಗೀರಿನಲ್ಲಿ ಪ್ಲಾಸ್ಟಿಕ್ಕಿನ ಒಳಬಣ್ಣ ಬೆಳ್ಳಗೆ ಕಾಣುತ್ತದೆ, ಅಂಚಿನಲ್ಲಿ ರಸ್ತೆಯ ಮಣ್ಣು ಹಸಿಯಾಗಿ ಅಂಟಿರುತ್ತದೆ. ಹಳೆಯ ಗೀರಿನೊಳಗೆ ಎಣ್ಣೆ, ಧೂಳು ಕೂತು ಕಪ್ಪಾಗಿರುತ್ತದೆ, ಲೋಹವಾದರೆ ತುಕ್ಕು. ಎಡಕ್ಕೆ ಬಿದ್ದ ಗಾಡಿಯ ಬಲ ಪ್ಯಾನೆಲ್ ಏಕೆ ಒಡೆಯಿತು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. "ಅಕ್ಕಾ, ಬಲಗಡೆಯದೂ ಇದರಲ್ಲೇ ಹಾಕಿಬಿಡೋಣ" ಎಂದು ಗ್ಯಾರೇಜಿನ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳಬಹುದು. ಆದರೆ ಅದರಿಂದ ಸಾಚಾ ಭಾಗದ ಮೇಲೂ ಅನುಮಾನ ಬರುತ್ತದೆ. ಬೇರೆ ದಿನ ಬಿದ್ದದ್ದು ಬೇರೆ ಕ್ಲೇಮ್.

ಒಪ್ಪಿಗೆ ಬಂದ ಮೇಲೆ ರಿಪೇರಿ. ಬಿಚ್ಚಿದಾಗ ಒಳಗೆ ಇನ್ನೇನಾದರೂ ಬಾಗಿರುವುದು ಕಂಡರೆ ಕೆಲಸ ನಿಲ್ಲಿಸಿ ಫೋಟೋ ಕಳಿಸಿ ಹೆಚ್ಚುವರಿ ಒಪ್ಪಿಗೆ ಕೇಳಬೇಕು. ಬದಲಿಸಿದ ಹಳೆಯ ಭಾಗಗಳನ್ನು ದುಡ್ಡು ಬರುವವರೆಗೆ ಎಸೆಯಬೇಡಿ, ಕಂಪನಿ ನೋಡಲು ಕೇಳಬಹುದು. ಕೊನೆಗೆ, ಕಡಿತದ ವಿವರ ಇರುವ ಹಾಳೆಯನ್ನು ಕೇಳಿ ಪಡೆದು ಮೇಲಿನ ದರಗಳೊಂದಿಗೆ ಹೋಲಿಸಿ. ಲೋಹದ ಹ್ಯಾಂಡಲ್ ಬಾರ್‌ಗೆ ಶೇ. 15ರ ಬದಲು 50 ಹಾಕಿದ್ದರೆ ಅದು ಅಲ್ಲೇ ಕಾಣುತ್ತದೆ.

ತಪ್ಪು ಕಂಡರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಅಲ್ಲಿ ಸರಿಹೋಗದಿದ್ದರೆ ನಿಯಂತ್ರಣ ಪ್ರಾಧಿಕಾರದ "ಬಿಮಾ ಭರೋಸಾ" ಜಾಲತಾಣದಲ್ಲಿ ದೂರು ಹಾಕಬಹುದು, ಸಹಾಯವಾಣಿ 155255. ಒಂದು ತಿಂಗಳಾದರೂ ಕಂಪನಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ಇನ್ನು, ಎಸ್ಟಿಮೇಟ್ ನೋಡಿದ ಮೇಲೆ ಸಿಗುವ ಮೊತ್ತ ಸಾಲದು ಅನ್ನಿಸಿದರೆ ದುಡ್ಡು ಪಾವತಿಯಾಗುವ ಮುಂಚೆಯೇ ಕ್ಲೇಮ್ ಹಿಂಪಡೆಯುವುದಾಗಿ ಇಮೇಲ್ ಮಾಡಿ, ಪಾವತಿಯಿಲ್ಲದೆ ಮುಚ್ಚಲಾಗಿದೆ ಎಂಬ ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ. ಮುಂದಿನ ನವೀಕರಣದಲ್ಲಿ ಬೋನಸ್ ಕೇಳುವಾಗ ತೋರಿಸಲು ಆ ಕಾಗದ ಬೇಕಾಗುತ್ತದೆ.